ಎ ಶಿಫ್ಟಿನ ಗಂಡ, ಜನರಲ್ ಶಿಫ್ಟಿನ ಹೆಂಡತಿ

ಆಂಧ್ರದ ಅಚ್ಯುತಾಪುರಂನಲ್ಲಿ ಸೂರ್ಯನಿಗೆ ಅಂಥ ಅಧಿಕಾರವೇನೂ ಇಲ್ಲ. ಹಗಲು ಯಾವುದು, ರಾತ್ರಿ ಯಾವುದು ಎಂದು ತೀರ್ಮಾನಿಸುವುದು ಕಾರ್ಖಾನೆಯ ಶಿಫ್ಟ್ ಪಟ್ಟಿ. ಬೆಳಗ್ಗೆ ಆರಕ್ಕೆ ಎ, ಮಧ್ಯಾಹ್ನ ಎರಡಕ್ಕೆ ಬಿ, ರಾತ್ರಿ ಹತ್ತಕ್ಕೆ ಸಿ. 2022ರಲ್ಲಿ ಅನಕಾಪಲ್ಲಿ ಜಿಲ್ಲೆಗೆ ಸೇರಿದ ಈ ಊರಿನ ಸುತ್ತ ವಿಶೇಷ ಆರ್ಥಿಕ ವಲಯ ಹಬ್ಬಿದೆ. ಒಂದು ಕಡೆ ಔಷಧ ಕಾರ್ಖಾನೆಗಳು, ಇನ್ನೊಂದು ಕಡೆ ಸಿದ್ಧ ಉಡುಪಿನವು. ನಮ್ಮ ಮನೆಯವರು ಮೊದಲನೆಯದರಲ್ಲಿ, ನಾನು ಎರಡನೆಯದರ ಲೆಕ್ಕಪತ್ರ ವಿಭಾಗದಲ್ಲಿ. ಅವರದು ವಾರಕ್ಕೊಮ್ಮೆ ಬದಲಾಗುವ ಶಿಫ್ಟು, ನನ್ನದು ಜನರಲ್. ಹಾಸನದಿಂದ ಇಷ್ಟು ದೂರ ಬಂದು ಒಂದೇ ಸೂರಿನಡಿ ಸಂಸಾರ ಹೂಡಿದ್ದೇವೆ. ಆದರೆ ಇಬ್ಬರೂ ಒಟ್ಟಿಗೆ ಎಚ್ಚರವಾಗಿರುವುದು ಅಪರೂಪ.

ಕಾರ್ಖಾನೆಯಲ್ಲಿ ಒಂದು ಪಾಳಿಯವರು ಮನೆಗೆ ಹೊರಡುವ ಮುನ್ನ ಮುಂದಿನವರಿಗೆ ‘ಹ್ಯಾಂಡೋವರ್’ ಕೊಡಬೇಕು. ಯಾವ ರಿಯಾಕ್ಟರ್‌ನಲ್ಲಿ ಏನಿದೆ, ಏನು ಬಾಕಿ, ಯಾವುದರ ಮೇಲೆ ಕಣ್ಣಿಡಬೇಕು, ಎಲ್ಲವನ್ನೂ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಮ್ಮ ದಾಂಪತ್ಯವೂ ಇದೇ ಪದ್ಧತಿಗೆ ಬಂದು ನಿಂತಿತ್ತು.

“ಕುಕ್ಕರ್ ಮೂರು ಕೂಗಿದೆ. ಹಾಲು ಫ್ರಿಜ್ಜಲ್ಲಿದೆ. ಪುಟ್ಟಿ ಫೀಸ್ ಕಟ್ಟಿ.”

“ಆಯ್ತು. ಗ್ಯಾಸ್ ಬುಕ್ ಮಾಡಿದೀನಿ. ಊರಿಂದ ಅಮ್ಮ ಫೋನ್ ಮಾಡಿದ್ರು, ನೀನು ಮಾಡ್ಬೇಕಂತೆ.”

ಸಹಿ ಮಾತ್ರ ಹಾಕುತ್ತಿರಲಿಲ್ಲ. ಜಗಳವೂ ಇರಲಿಲ್ಲ. ಪಕ್ಕದ ಮನೆಯ ತೆಲುಗು ಆಂಟಿ, “ನಿಮ್ಮಂಥ ಜೋಡಿ ನೋಡಿಲ್ಲ, ಒಂದು ದಿನವೂ ಗಲಾಟೆ ಕೇಳಿಸಲ್ಲ” ಎಂದು ಮೆಚ್ಚುತ್ತಿದ್ದರು. ಗಲಾಟೆ ಮಾಡಲಾದರೂ ಇಬ್ಬರೂ ಒಂದೇ ಹೊತ್ತಿಗೆ ಮನೆಯಲ್ಲಿರಬೇಕಲ್ಲ! ಗಂಡ-ಹೆಂಡತಿ ರೂಮ್‌ಮೇಟ್‌ಗಳಾಗಲು ದ್ವೇಷ ಬೇಕಿಲ್ಲ, ದಕ್ಷತೆ ಸಾಕು. ಮನೆ ಎಷ್ಟು ಚೆನ್ನಾಗಿ ನಡೆಯುತ್ತದೋ, ಮಾತಾಡುವ ಅಗತ್ಯ ಅಷ್ಟು ಕಡಿಮೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ಜೋಡಿಗಳನ್ನು ಒಂದು ಫ್ಲಾಟಿನಲ್ಲಿ ಕೂಡಿಸಿ, ಕ್ಯಾಮೆರಾ ಇಟ್ಟು ಗಮನಿಸಿದರು. ನಮ್ಮಲ್ಲಿ ಈ ಕೆಲಸವನ್ನು ಅತ್ತೆಯಂದಿರು ಕ್ಯಾಮೆರಾ ಇಲ್ಲದೆಯೇ ಮಾಡುತ್ತಾರೆ, ಇರಲಿ. ಗಾಟ್‌ಮನ್ ನೋಡಿದ್ದು ಜಗಳವನ್ನಷ್ಟೇ ಅಲ್ಲ, ತೀರಾ ಚಿಲ್ಲರೆ ಮಾತುಗಳನ್ನೂ. ಒಬ್ಬರು ಕಿಟಕಿಯಿಂದ ನೋಡಿ “ಆ ಹಕ್ಕಿ ನೋಡು” ಎಂದರೆ ಇನ್ನೊಬ್ಬರು ತಿರುಗುತ್ತಾರೋ ಇಲ್ಲವೋ? ಆರು ವರ್ಷದ ನಂತರವೂ ಜೊತೆಗಿದ್ದವರು ಇಂಥ ಕರೆಗಳಿಗೆ 100ರಲ್ಲಿ 86 ಸಲ ಓಗೊಟ್ಟಿದ್ದರು. ಬೇರೆಯಾದವರು ಬರೀ 33 ಸಲ.

ಇದನ್ನು ಓದಿದ ಮೇಲೆ ನಮ್ಮ ಮನೆಯ ಮಾತುಗಳಿಗೆ ಕಿವಿಗೊಟ್ಟೆ. ಇವರು ಸ್ಕೂಟರ್ ನಿಲ್ಲಿಸುತ್ತಾ, “ಇವತ್ತು ಪೂಡಿಮಡಕ ಕಡೆಯಿಂದ ಗಾಳಿ ಜೋರು” ಎಂದರು. ನಾನು ಮೊಬೈಲ್‌ನಿಂದ ತಲೆ ಎತ್ತದೆ “ಹೂಂ” ಅಂದೆ. ಆ ‘ಹೂಂ’ ಉತ್ತರವಲ್ಲ, ಸ್ವೀಕೃತಿ ಚೀಟಿ. ಮರುದಿನ ಅದೇ ಗಾಳಿಗೆ, “ಹಾಗಾದ್ರೆ ಮಹಡಿ ಮೇಲೆ ಹೋಗಿ ನಿಲ್ಲೋಣ್ವಾ?” ಎಂದೆ. ಅವರು ಗಾಬರಿಯಾಗಿ, “ಯಾಕೆ, ಬಟ್ಟೆ ತೆಗೀಬೇಕಾ?” ಎಂದರು. ಬಟ್ಟೆ ತೆಗೆಯುವುದಿರಲಿಲ್ಲ. ಹೋಗಿ ನಿಂತೆವು. ಮಾತು ಬಂತು. ಹೀಗೆ ಕರೆಗೆ ಓಗೊಡುವುದೇ ನಮ್ಮ ಮೊದಲ ಮದ್ದು.

ಎರಡನೆಯದು ಪ್ರಶ್ನೆ. ಹ್ಯಾಂಡೋವರ್‌ನಲ್ಲೂ ಪ್ರಶ್ನೆಗಳಿರುತ್ತವೆ, ಆದರೆ ಎಲ್ಲಕ್ಕೂ ‘ಆಯ್ತು’ ಅಥವಾ ‘ಇಲ್ಲ’ ಸಾಕು. ಆದ್ದರಿಂದ ನಾವೊಂದು ಕಾನೂನು ಮಾಡಿಕೊಂಡೆವು: ಇಬ್ಬರೂ ಎದುರುಬದುರಾದ ಮೊದಲ ಹತ್ತು ನಿಮಿಷ ಹಾಲು, ಫೀಸು, ಸಾಲದ ಕಂತು, ಎರಡೂ ಕಡೆಯ ಅಮ್ಮಂದಿರು, ಇವಿಷ್ಟಕ್ಕೆ ಪ್ರವೇಶವಿಲ್ಲ. ಮೊದಲ ಸಲ ಹತ್ತು ನಿಮಿಷ ಸುಮ್ಮನೆ ಕೂತೆವು. ಆಡಲು ಬೇರೆ ಏನೂ ಉಳಿದಿರಲಿಲ್ಲ! ಕೊನೆಗೆ ನಾನೇ, “ನೀವು ಹದಿನೆಂಟು ವರ್ಷದವರಿದ್ದಾಗ ಏನಾಗ್ಬೇಕು ಅಂತಿದ್ರಿ?” ಎಂದು ಕೇಳಿದೆ. “ಬಸ್ ಕಂಡಕ್ಟರ್” ಎಂದರು. ಹಾಸನ-ಸಕಲೇಶಪುರ ಬಸ್ಸಿನ ಕಂಡಕ್ಟರ್ ಒಬ್ಬರು ಚಿಲ್ಲರೆ ಇಲ್ಲ ಎಂದು ಹೇಳುತ್ತಿದ್ದ ಗತ್ತನ್ನು ಎದ್ದು ನಿಂತು ಅಭಿನಯಿಸಿದರು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಈ ವಿಷಯ ಗೊತ್ತಿರಲಿಲ್ಲ. ಆಮೇಲೆ ತರಕಾರಿಗೆ ದುಡ್ಡು ಕೇಳಿದಾಗಲೆಲ್ಲ “ಚಿಲ್ಲರೆ ಇಲ್ಲ, ಇಳಿವಾಗ ತಗೊಳ್ಳಮ್ಮ” ಎನ್ನುತ್ತಾರೆ. ನಮ್ಮ ಮನೆಯ ಶೃಂಗಾರ ಸದ್ಯಕ್ಕೆ ಈ ಮಟ್ಟದಲ್ಲಿದೆ.

ಪ್ರಶ್ನೆಗೂ ಹೊತ್ತುಗೊತ್ತು ಬೇಕು. ಸಿ ಶಿಫ್ಟ್ ಮುಗಿಸಿ ಬೆಳಗ್ಗೆ ಬಂದವರನ್ನು “ನಿಮ್ಮ ಬಾಳಿನ ಕನಸೇನು?” ಎಂದು ಕೇಳಿದರೆ “ನಿದ್ದೆ” ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ. ಒಂದರ ಹಿಂದೊಂದು ಕೇಳಿದರೆ ಅದು ಸರಸವಲ್ಲ, ಪೊಲೀಸ್ ಠಾಣೆ. ಉತ್ತರ ಬಂದ ತಕ್ಷಣ “ಅದಕ್ಕೇ ನಿಮ್ಮ ಬುದ್ಧಿ ಹೀಗೆ” ಎಂದು ಷರಾ ಬರೆದರೆ, ಮುಂದಿನ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ.

ಮೂರನೆಯದಕ್ಕೆ ಸ್ವಲ್ಪ ಮಾನ ಬಿಡಬೇಕು. ಆರ್ಥರ್ ಆರನ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ: ಗಂಡ-ಹೆಂಡಿರ ಒಂದು ಕೈ, ಒಂದು ಕಾಲನ್ನು ಪರಸ್ಪರ ಪಟ್ಟಿಯಿಂದ ಬಿಗಿದು, ನಡುವೆ ಒಂದು ದಿಂಬು ಕೊಟ್ಟು, ಅಂಬೆಗಾಲಿನಲ್ಲಿ ಅಡ್ಡಗಟ್ಟೆ ದಾಟಿಸಿದರು. ದಿಂಬನ್ನು ಕೈಯಿಂದಾಗಲಿ ಹಲ್ಲಿನಿಂದಾಗಲಿ ಹಿಡಿಯುವಂತಿಲ್ಲ. ಸಪ್ಪೆ ಕೆಲಸ ಮಾಡಿದ ಜೋಡಿಗಳಿಗಿಂತ ಹೀಗೆ ಒದ್ದಾಡಿದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಮೂಡಿತ್ತು. ಇಬ್ಬರಿಗೂ ಹೊಸದು, ಇಬ್ಬರಿಗೂ ಬಾರದ್ದು, ಇಬ್ಬರೂ ಸೇರಿದರಷ್ಟೇ ಆಗುವಂಥದ್ದು. ಗುಟ್ಟು ಇರುವುದು ಇಲ್ಲಿ. ಅದಕ್ಕೇ ಮಾಮೂಲಿ ಹೋಟೆಲಿನ ಮಾಮೂಲಿ ಬಿರಿಯಾನಿ ಈ ಲೆಕ್ಕಕ್ಕೆ ಬರುವುದಿಲ್ಲ, ಅದರಲ್ಲೂ ಇಬ್ಬರ ಕೈಯಲ್ಲೂ ಮೊಬೈಲ್ ಇದ್ದರೆ.

ಪುಟ್ಟಿಯನ್ನು ಆಂಟಿ ಮನೆಯಲ್ಲಿ ಬಿಟ್ಟು ನಾವು ಹೋದದ್ದು ಹತ್ತಿರದ ಕೊಂಡಕರ್ಲ ಆವ ಎಂಬ ಸಿಹಿನೀರಿನ ಕೆರೆಗೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುವ ಜಾಗ. ಅಲ್ಲಿನ ದೋಣಿ ಎಂದರೆ ತಾಳೆಮರದ ಬೊಡ್ಡೆಯನ್ನು ಕೊರೆದು ಮಾಡಿದ್ದು. ಒಬ್ಬರು ಕೆಮ್ಮಿದರೂ ಇನ್ನೊಬ್ಬರು ತೂಗಾಡಬೇಕು. ದಿನವಿಡೀ ಕಾರ್ಖಾನೆಯ ಸುರಕ್ಷತೆ ನೋಡುವ ನಮ್ಮವರು ಅಂಚನ್ನು ಗಟ್ಟಿಯಾಗಿ ಹಿಡಿದು, “ಇದಕ್ಕೆ ಸೇಫ್ಟಿ ಆಡಿಟ್ ಆಗಿದೆಯಾ?” ಎಂದರು. ದೋಣಿಯವನಿಗೆ ಕನ್ನಡ ಬಾರದು, ನಕ್ಕ. ದೋಣಿ ವಾಲಿತು. ಅಂಚು ಬಿಟ್ಟು ನನ್ನ ಕೈ ಹಿಡಿದರು. “ಯಾರಾದ್ರೂ ನೋಡ್ತಾರೆ ರೀ” ಎಂದೆ. “ಹಕ್ಕಿಗಳು ತಾನೇ, ನೋಡ್ಲಿ ಬಿಡೇ” ಎಂದರು.

ಬರುವಾಗ ಮಾಡುಗುಲ ಹಲ್ವಾ ತಂದೆವು. ಗೋಧಿಹಾಲು, ತುಪ್ಪ ಹಾಕಿ ಮಾಡುವ ಇದನ್ನು ಹೊಸ ಮದುವೆಯವರಿಗೆ ಕೊಡುವುದು ಈ ಕಡೆಯ ವಾಡಿಕೆಯಂತೆ. ಪೊಟ್ಟಣ ನೋಡಿದ ಆಂಟಿ ಏನೂ ಕೇಳಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದರು ಅಷ್ಟೆ.

ಈ ಮದ್ದಿಗೂ ಮಿತಿಯಿದೆ. ಮನೆಯಲ್ಲಿ ಅವಮಾನ, ಹೆದರಿಕೆ, ಏಟು ಇದ್ದರೆ ದೋಣಿ-ಹಲ್ವಾಗಳಿಂದ ಆಗುವುದೇನಿಲ್ಲ. ಅಲ್ಲಿ ಬೇಕಾದ್ದು ಆಪ್ತಸಲಹೆ, ಕಾನೂನಿನ ನೆರವು. ಮನೆಗೆಲಸವೆಲ್ಲ ಒಬ್ಬರ ತಲೆ ಮೇಲೇ ಇದ್ದರೂ ಅಷ್ಟೇ, ಮೊದಲು ಪಾತ್ರೆ ತೊಳೆಯಿರಿ, ಆಮೇಲೆ ಕಣ್ಣು ಹೊಡೆಯಿರಿ. ಉಳಿದವರು ಇವತ್ತೇ ಶುರು ಮಾಡಬಹುದು. ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಮನೆಯವರಿಗೆ ಕೇಳಿ. “ಏನಾಗಿದೆ ನಿಮಗೆ, ಏನು ಮಾಡ್ಕೊಂಡು ಬಂದಿದೀರಿ?” ಎಂದು ಅನುಮಾನಪಟ್ಟರೆ ಎದೆಗುಂದಬೇಡಿ. ಅನುಮಾನವೂ ಕುತೂಹಲವೇ, ರೂಮ್‌ಮೇಟ್‌ಗಳು ಅಷ್ಟನ್ನೂ ಪಡುವುದಿಲ್ಲ.