ಉರಿಯದಿದ್ದರೆ ಒಳ್ಳೆಯದಾದ ದೀಪ

ಫೈಬರ್ ಇಂಟರ್ನೆಟ್ ಹೋಯಿತೆಂದರೆ ಮೋಡೆಮ್ ಪೆಟ್ಟಿಗೆಯ ಸ್ವಿಚ್ ಆರಿಸಿ, ಹತ್ತರವರೆಗೆ ಎಣಿಸಿ, ಮತ್ತೆ ಹಾಕುವುದು ಈಗ ಸಂಧ್ಯಾವಂದನೆಯಷ್ಟು ನಿಯಮದ ಕೆಲಸ. ಎದುರಿಗೇ ಉರಿಯುವ ದೀಪಗಳನ್ನು ಓದುವವರು ಮಾತ್ರ ಅಪರೂಪ.

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು. "ಟೀವೀಲಿ ಏನೂ ಬರ್ತಿಲ್ಲ ಕಣೋ. ಲೈನೇ ಹೋಗಿದೆ."

"ಪೆಟ್ಟಿಗೇಲಿ ಎಲ್ಒಎಸ್ ಅಂತ ಬರೆದಿದ್ಯಲ್ಲ, ಅಲ್ಲಿ ನೋಡಿ ಚಿಕ್ಕಮ್ಮ."

"ಅದು ಉರೀತಾನೇ ಇಲ್ಲ. ಕೆಟ್ಟಿರೋದು ಅದೇ!"

ಪಾಪ, ಉರಿಯದಿದ್ದರೆ ಒಳ್ಳೆಯದೆನ್ನುವ ದೀಪ ಅದೊಂದೇ. ಫೈಬರ್‌ನಲ್ಲಿ ಬೆಳಕು ಬಾರದಿದ್ದಾಗ ಮಾತ್ರ ಅದು ಕೆಂಪಗಾಗುತ್ತದೆ. ಪಕ್ಕದ ಪಿಒಎನ್ ದೀಪ ಹಸಿರಾಗಿ ನಿಂತಿದ್ದರೆ ನಮ್ಮ ಪೆಟ್ಟಿಗೆ ಕಂಪನಿಯ ಉಪಕರಣದಲ್ಲಿ ಹೆಸರು ಬರೆಸಿಕೊಂಡಿದೆ ಎಂದರ್ಥ. ಮಿಟುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ, ನೋಂದಣಿ ಆಗಿಲ್ಲ. ಅದು ಕಂಪನಿಯವರೇ ನೋಡಬೇಕಾದ್ದು. ಸ್ವಿಚ್ ಹಾಕಿದ ಮೊದಲ ಒಂದೆರಡು ನಿಮಿಷದ ಮಿಟುಕಿಗೆ ಹೆದರಬೇಕಿಲ್ಲ.

ಚಿಕ್ಕಮ್ಮನ ಪಿಒಎನ್ ನಿಂತಿತ್ತು, ಇಂಟರ್ನೆಟ್ ದೀಪವೂ ಹಸಿರಿತ್ತು. ಹಾಗಾದರೆ ಲೈನು ನಿರಪರಾಧಿ. ಪೆಟ್ಟಿಗೆಯಿಂದ ಟೀವಿಗೆ ನೇರ ಲ್ಯಾನ್ ಕೇಬಲ್ ಹಾಕಿಸಿದೆ; ಧಾರಾವಾಹಿ ಬಂದೇಬಿಟ್ಟಿತು. ಆಮೇಲೆ ನೋಡಿದರೆ ವೈಫೈ ದೀಪ ಆರಿದೆ. ಧೂಳು ಒರೆಸುವಾಗ ಬದಿಯ ವೈಫೈ ಗುಂಡಿ ಒತ್ತಿಹೋಗಿತ್ತು. ಲೈನ್‌ಮನ್‌ಗೆ ಕಾದಿದ್ದರೆ ಆ ವಾರದ ಕಥೆ ತಪ್ಪುತ್ತಿತ್ತು.

ಗಾಳಿಮಳೆಗೆ ತೋಟದಲ್ಲಿ ಅಡಿಕೆ ಸೋಗೆ ಕೇಬಲ್ ಮೇಲೆ ಬಿದ್ದಾಗ ಮಾತು ಬೇರೆ. ಎಲ್ಒಎಸ್ ಕೆಂಪಗೆ ಮಿಟುಕುತ್ತದೆ, ಎಷ್ಟು ಸಲ ಸ್ವಿಚ್ ಆರಿಸಿದರೂ ಮಿಟುಕುತ್ತಲೇ ಇರುತ್ತದೆ. ಆಗ ನಮ್ಮ ಕೈಲಿರುವುದು ಪೆಟ್ಟಿಗೆಯ ಹಿಂದಿನ ತೆಳು ವಯರನ್ನು ನೋಡುವುದಷ್ಟೇ. ಒಳಗಿರುವುದು ಗಾಜಿನ ಎಳೆ, ಕಪಾಟಿನ ಮೂಲೆಗೆ ಸಿಕ್ಕಿ ಮಡಚಿಕೊಂಡರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ನೇರ ಮಾಡಿ, ಹಸಿರು ತುದಿ ಸರಿಯಾಗಿ ಕೂತಿದೆಯೇ ನೋಡಿ. ತುದಿ ಬಿಚ್ಚಿ ಕಣ್ಣಿಟ್ಟು ಇಣುಕಬೇಡಿ. ಅಲ್ಲಿಂದ ಬರುವುದು ಕಣ್ಣಿಗೆ ಕಾಣದ ಲೇಸರ್. ಪಕ್ಕದ ಮನೆಯಲ್ಲೂ ಕೆಂಪೇ ಆದರೆ ತಪ್ಪು ಹೊರಗಿನದು. ಕಂಪನಿಯ ಉಪಕರಣಕ್ಕೆ ಕರೆಂಟಿಲ್ಲದಿದ್ದರೂ ಹೀಗೇ ಆಗುತ್ತದೆ.

ಪಿಒಎನ್ ಹಸಿರು, ಇಂಟರ್ನೆಟ್ ದೀಪ ಮಾತ್ರ ಕೆಂಪು ಎಂದರೆ ಮೊದಲು ಬಿಲ್ಲು ಕಟ್ಟಿದ್ದೇವೆಯೇ ನೋಡಿಕೊಳ್ಳುವುದು ಮರ್ಯಾದೆ.

ದೂರು ಕೊಡುವಾಗ "ನೆಟ್ ಇಲ್ಲ" ಎನ್ನುವ ಬದಲು ಯಾವ ದೀಪ ಯಾವ ಬಣ್ಣ ಎಂದು ಹೇಳಿ. ಪೆಟ್ಟಿಗೆಯ ಹಿಂದಿನ ಸೂಜಿತೂತಿನ ರೀಸೆಟ್ ಗುಂಡಿಯನ್ನು ಮಾತ್ರ ಚುಚ್ಚಬೇಡಿ. ಅದು ಲಾಗಿನ್ ವಿವರಗಳನ್ನೇ ಅಳಿಸಬಹುದು, ಆಮೇಲೆ ಲೈನು ಸರಿಯಿದ್ದರೂ ಲೈನ್‌ಮನ್‌ನ ದಾರಿ ಕಾಯಬೇಕು.