ತುಂಬಲಾರದ ನಷ್ಟ

ನಮ್ಮ ಪೇಟೆಯಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗಿಂತ ಮೊದಲು ಬಂದು ಕೂರುವವರು ನಷ್ಟದ ಮೇಷ್ಟ್ರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಪಿಂಚಣಿಯ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಪ್ರತಿ ಶ್ರದ್ಧಾಂಜಲಿ ಸಭೆಯಲ್ಲೂ 'ತುಂಬಲಾರದ ನಷ್ಟ' ಎಂದು ಹೇಳಿ ಹೇಳಿ ಅದೇ ಅವರಿಗೆ ಅಂಟಿಕೊಂಡಿತು. ಅವರಿಗೂ ಇದು ಗೊತ್ತು, ಬೇಸರವೇನಿಲ್ಲ. ಯಾರೋ ತುಂಟರು ಒಮ್ಮೆ, "ಮೇಷ್ಟ್ರೇ, ಇಷ್ಟು ನಷ್ಟವಾದ ಮೇಲೂ ನಮ್ಮ ಊರು ನಡೀತಾ ಇದೆಯಲ್ಲ, ಹೇಗೆ?" ಎಂದು ಕೇಳಿದ್ದಕ್ಕೆ, "ನಡೀತಾ ಇಲ್ಲ ಮಾರಾಯ, ತೆವಳ್ತಾ ಇದೆ" ಎಂದಿದ್ದರು.

ಅವರ ಭಾಷಣಕ್ಕೆ ಒಂದು ದಾರಿ ಇದೆ, ಆ ದಾರಿ ಬಿಟ್ಟು ಅವರು ಹೊರಗೆ ಕಾಲಿಡುವುದಿಲ್ಲ. ಮೊದಲು ಸುದ್ದಿ ಬಂದ ಹೊತ್ತು: ಊಟಕ್ಕೆ ಕೂತಿದ್ದೆ, ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಒಡನಾಟ, ಅದು ಎಂದೂ ನಲವತ್ತು ವರ್ಷಕ್ಕೆ ಕಡಿಮೆಯಿಲ್ಲ. ಆಮೇಲೆ ಮೃತರ ಗುಣಗಳು: ಸರಳ, ಸಜ್ಜನ, ಸ್ನೇಹಜೀವಿ, ಮಿತಭಾಷಿ. ಆಮೇಲೆ "ಮೊನ್ನೆ ಮೊನ್ನೆ ಪೇಟೆಯಲ್ಲಿ ಸಿಕ್ಕಿ ಚೆನ್ನಾಗಿ ಮಾತಾಡಿದ್ದರು." ಮಿತಭಾಷಿಗಳು ಅಷ್ಟು ಹೊತ್ತು ಏನು ಮಾತಾಡಿದರು ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ನಷ್ಟ, ಅದರ ಹಿಂದೆಯೇ ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ. ಹತ್ತು ನಿಮಿಷದಲ್ಲಿ ಏಳು ನಿಮಿಷ ಮೇಷ್ಟ್ರದೇ ಕತೆ, ಉಳಿದದ್ದು ಸತ್ತವರದ್ದು.

ನಗುವುದು ಸುಲಭ. ಆದರೆ ಸಾವಿನ ಮನೆಯಲ್ಲಿ ಡಾಕ್ಟರ ಸರ್ಟಿಫಿಕೇಟಿಗೆ ಓಡುವವರು, ಸೌದೆಯವನಿಗೆ ಫೋನು ಮಾಡುವವರು, ಒಲೆ ಹಚ್ಚದ ಮನೆಗೆ ಎದುರು ಮನೆಯಿಂದ ಕಾಫಿ ತರಿಸುವವರು ಅವರೇ. ಅಷ್ಟು ದುಡಿದವರಿಗೆ ಕೊನೆಗೆ ಹತ್ತು ನಿಮಿಷ ಮೈಕು ಸಿಕ್ಕಿದರೆ ಅದನ್ನು ನಾನು ಕೂಲಿ ಎಂದೇ ಲೆಕ್ಕ ಹಾಕುತ್ತೇನೆ.

ಇಂಥವರನ್ನು ನಮ್ಮ ಕಾಲೇಜಿಗೆ ಕರೆಸಿದ್ದು ನಾನಲ್ಲ, ಪ್ರಿನ್ಸಿಪಾಲರು. ಬಿ.ಎ. ತರಗತಿಗೆ ನಾನು ಶಿವರಾಮ ಕಾರಂತರ 'ಚೋಮನ ದುಡಿ' ಪಾಠ ಮಾಡಿ ಮುಗಿಸಿದ್ದೆ. ಪರೀಕ್ಷೆಗೆ 'ಚೋಮನ ಪಾತ್ರಚಿತ್ರಣ' ಎಂದು ಬರೆಸಿದರೆ ಎಲ್ಲರೂ ಒಂದೇ ಗೈಡಿನಿಂದ ಇಳಿಸುತ್ತಾರೆ. ಅದರ ಬದಲು ಚೋಮನಿಗೆ ಒಂದು ಅಣಕು ಶ್ರದ್ಧಾಂಜಲಿ ಸಭೆ ಮಾಡೋಣ ಎಂದೆ. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು. "ಸಭೆ ಅಂದ ಮೇಲೆ ಮುಖ್ಯ ಅತಿಥಿ ಬೇಡವೇನ್ರೀ?" ಎಂದರು. ಅಣಕು ಸಭೆ ಎಂದೆ. "ಅಣಕಾದರೂ ಸಭೆಯೇ. ಶಾಲು ಆಫೀಸಿನಲ್ಲಿದೆ" ಎಂದರು.

ತರಗತಿಗೆ ನಾನು ಹಾಕಿದ ಕಟ್ಟಳೆ ಎರಡೇ. ಮಾತಾಡುವವರು ಕಾದಂಬರಿಯ ಒಳಗಿನವರಾಗಿಯೇ ಮಾತಾಡಬೇಕು, ತಮಗೆ ಗೊತ್ತಿರಲು ಸಾಧ್ಯವಿದ್ದದ್ದನ್ನು ಮಾತ್ರ ಹೇಳಬೇಕು. ಚೋಮ ಒಬ್ಬನೇ ಇದ್ದಾಗ ಮನಸ್ಸಿನಲ್ಲಿ ಅಂದುಕೊಂಡದ್ದು ಓದುಗರಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಎರಡನೆಯದು, ಸತ್ತವನಿಗೆ ಒಂದು ಗುಣ ಅಂಟಿಸಿದರೆ ಅದಕ್ಕೆ ಪುಸ್ತಕದಲ್ಲಿ ಒಂದು ಘಟನೆ ತೋರಿಸಬೇಕು. ತೋರಿಸದಿದ್ದರೆ ಯಾರು ಬೇಕಾದರೂ ಕೈ ಎತ್ತಬಹುದು.

ಮೊದಲ ಜಗಳ ಫೋಟೊದ ವಿಷಯಕ್ಕೆ. ಹಾರ ಹಾಕಲು ಫೋಟೊ ಬೇಕು, ಚೋಮನದು ಎಲ್ಲಿಂದ ತರುವುದು? ಒಬ್ಬ 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಸಿನಿಮಾದ ಚಿತ್ರವೊಂದನ್ನು ಮುದ್ರಿಸಿಕೊಂಡು ಬಂದ. ಕೂಡಲೇ ಹಿಂದಿನ ಬೆಂಚಿನಿಂದ ಆಕ್ಷೇಪ: "ಸಾರ್, ಇದು ಚೋಮ ಅಲ್ಲ, ಎಂ.ವಿ. ವಾಸುದೇವರಾವ್. ಇವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಚೋಮನಿಗೆ ಏನು ಬಂದಿದೆ?" ಏನೂ ಬಂದಿಲ್ಲ ಎನ್ನುವುದೇ ಕಾದಂಬರಿಯಾದ್ದರಿಂದ ಫೋಟೊ ಕೈಬಿಟ್ಟೆವು. ಒಬ್ಬ ಹುಡುಗ ಅಜ್ಜನ ಮನೆಯಿಂದ ನಿಜವಾದ ದುಡಿಯನ್ನೇ ತಂದಿದ್ದ. ಮೇಜಿನ ಮೇಲೆ ಅದನ್ನಿಟ್ಟು ಹಾರ ಹಾಕಿದೆವು.

ಮೇಷ್ಟ್ರು ಬಂದರು, ಶಾಲು ಹೊದ್ದರು, ದುಡಿಗೆ ಕೈಮುಗಿದು ಮೈಕು ಹಿಡಿದರು. ಚೋಮ 1933ರಲ್ಲಿ ಪ್ರಕಟವಾದ ಕಾದಂಬರಿಯ ಮನುಷ್ಯ ಎಂದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಓದಿದವರೇ. ಆದರೆ ಮೈಕು ಕೈಗೆ ಬಂದ ಮೇಲೆ ನಾಲಿಗೆ ತನ್ನ ದಾರಿ ಹಿಡಿಯಿತು.

"ಚೋಮನವರ ನಿಧನದ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ."

ಹುಡುಗರು ನಕ್ಕರು. ಅತ್ತರೆಂದು ಮೇಷ್ಟ್ರು ತಿಳಿದಿರಬೇಕು, ದನಿ ಇನ್ನಷ್ಟು ಗದ್ಗದವಾಯಿತು. "ನನಗೂ ಅವರಿಗೂ ನಲವತ್ತು ವರ್ಷದ ಒಡನಾಟ" ಎಂದರು. ಅದನ್ನು ನಾನು ಒಪ್ಪಿಕೊಂಡೆ, ಕಾಲೇಜಿನಲ್ಲಿ ಓದಿದ್ದೆಂದರೆ ಅಷ್ಟಾಗುತ್ತದೆ. "ಸರಳರು, ಸಜ್ಜನರು, ಯಾವ ದುಶ್ಚಟವೂ ಇಲ್ಲದವರು."

ನಾಲ್ಕು ಕೈಗಳು ಒಟ್ಟಿಗೆ ಎದ್ದವು. "ಸಾರ್, ಚೋಮ ಕಳ್ಳು ಕುಡೀತಿದ್ದ."

ಮೇಷ್ಟ್ರು ಇಷ್ಟು ವರ್ಷದಲ್ಲಿ ಎದುರಿಸದೆ ಇದ್ದ ಗಂಡಾಂತರ ಇದು. ನಮ್ಮ ಪೇಟೆಯಲ್ಲಿ ಸತ್ತವರ ವಿಷಯಕ್ಕೆ ಸಾಕ್ಷಿ ಹೇಳುವವರು ಹೆಂಡತಿ ಮಕ್ಕಳು, ಅವರು ಆ ಹೊತ್ತಿಗೆ ಬಾಯಿ ಬಿಡುವುದಿಲ್ಲ. ಸಾಲ ಕೊಟ್ಟವರು ಇರುತ್ತಾರೆ, ಅವರೂ ಹದಿಮೂರನೆಯ ದಿನದವರೆಗೆ ಸುಮ್ಮನಿರುತ್ತಾರೆ. ಕಾದಂಬರಿಯಲ್ಲಿ ಸತ್ತವನದು ಹಾಗಲ್ಲ. ಅವನ ಬದುಕೆಲ್ಲ ಅಚ್ಚಾಗಿದೆ, ಪ್ರತಿಯೊಂದು ಬೆಂಚಿನ ಮೇಲೂ ಒಂದೊಂದು ಪ್ರತಿ ಇದೆ, ಓದಿದವರಿಗೆ ಅವನ ಮೇಲೆ ಪ್ರೀತಿ ಬಂದದ್ದೇ ಕಳ್ಳು, ಹಟ, ಸಿಟ್ಟು ಎಲ್ಲ ಸೇರಿ. ಅವನನ್ನು ಸಜ್ಜನ ಎಂದರೆ ಹೊಗಳಿದಂತಲ್ಲ, ಬೇರೆ ಯಾರನ್ನೋ ತಂದು ಅವನ ಜಾಗದಲ್ಲಿ ಮಲಗಿಸಿದಂತೆ.

ಮೇಷ್ಟ್ರು ಅನುಭವಸ್ಥರು, ಸೋಲಲಿಲ್ಲ. "ದುಃಖಕ್ಕೆ ಕುಡೀತಿದ್ದರು" ಎಂದು ದಾಟಿಕೊಂಡು ಮುಂದೆ ಹೋದರು. ಆದರೆ ಕೊನೆಯ ವಾಕ್ಯ ಕಾಯುತ್ತಿತ್ತು. "ಅವರ ಕುಟುಂಬಕ್ಕೆ ದುಃಖ ಭರಿಸುವ ಶಕ್ತಿಯನ್ನು ದೇವರು..." ಅಲ್ಲಿ ಅವರೇ ನಿಂತರು. ಓದಿದ್ದು ನೆನಪಾಗಿರಬೇಕು. ಚೋಮನ ಮಗ ಚನಿಯ ತೋಟದ ಕೂಲಿಗೆ ಹೋಗಿ ಜ್ವರ ಹತ್ತಿಸಿಕೊಂಡು ಬಂದು ಸತ್ತ. ಗುರುವ ಅಲ್ಲಿಯೇ ಕಿರಿಸ್ತಾನರ ಹುಡುಗಿಯನ್ನು ಮೆಚ್ಚಿ ಬೇರೆಯಾದ. ಇನ್ನೊಬ್ಬ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಯ ಲೆಕ್ಕ ಹಾಕುತ್ತ ನಿಂತರು. ಮಗಳು ಬೆಳ್ಳಿಯನ್ನು ಚೋಮನೇ ಹೊಡೆದು ಅಟ್ಟಿದ. ಶಕ್ತಿ ಕೊಡಲು ದೇವರು ಬಂದರೂ ಆ ಗುಡಿಸಲಿನಲ್ಲಿ ತೆಗೆದುಕೊಳ್ಳುವವರು ಯಾರು? ಮೇಷ್ಟ್ರು ಮೈಕಿನ ಮುಂದೆ ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ಕೊಡಲಿ" ಎಂದಷ್ಟೇ ಹೇಳಿ ಕೂತರು.

ಆಮೇಲೆ ಹುಡುಗರ ಸರದಿ. ಹೆಚ್ಚಿನವರು ನೆರೆಯವರಾಗಿ ಬಂದು ನಾಲ್ಕು ಮಾತಾಡಿ ಹೋದರು. ಒಬ್ಬ ಮಾತ್ರ ಗುಣವಾಚಕ ಒಂದೂ ಇಲ್ಲದೆ ಮಾತಾಡಿದ. ಕತ್ತಲಾದ ಮೇಲೆ ದುಡಿಯ ಪೆಟ್ಟು ಕೇಳಿದರೆ ಇವತ್ತು ಚೋಮನಿಗೆ ಸಿಟ್ಟೋ ಖುಷಿಯೋ ಎಂದು ನಮ್ಮ ಮನೆಯಲ್ಲಿ ಕೂತೇ ಹೇಳುತ್ತಿದ್ದೆವು, ಈಗ ಎಷ್ಟು ಹೊತ್ತಿಗೆ ಮಲಗಬೇಕು ಅಂತಲೇ ತಿಳಿಯುವುದಿಲ್ಲ ಎಂದ. ನನಗೆ ಅದು ಸಾಕಿತ್ತು.

ಆದರೆ ಎಲ್ಲರೂ ಕಾದಿದ್ದು ಸಂಕಪ್ಪಯ್ಯನ ಪಾತ್ರ ತೆಗೆದುಕೊಂಡ ಹುಡುಗಿಗಾಗಿ. ಸಂಕಪ್ಪಯ್ಯ ಚೋಮನ ಧಣಿ. ಚೋಮನ ಹತ್ತಿರ ಒಂದು ಜೋಡಿ ಎತ್ತು ಇತ್ತು, ಅವನು ಸಾಕಿ ಬೆಳೆಸಿದ್ದು. ಯಾರು ಕೇಳಿದರೂ ಮಾರಲಿಲ್ಲ, ಏಕೆಂದರೆ ಒಂದು ದಿನ ಅವನ್ನು ಕಟ್ಟಿ ತಾನೇ ಬೇಸಾಯ ಮಾಡಬೇಕು. ಅವನ ಜಾತಿಯವರಿಗೆ ಗೇಣಿಗೆ ಭೂಮಿ ಕೊಡುವ ರೂಢಿಯೇ ಆಗ ಇರಲಿಲ್ಲ. ಚೋಮ ಧಣಿಯ ಅಂಗಳದಲ್ಲಿ ನಿಂತು ಕೇಳಿದ. ಸಂಕಪ್ಪಯ್ಯನ ಮನಸ್ಸು ಅರ್ಧ ಕರಗಿತ್ತು, ತಾಯಿ ಬೇಡ ಎಂದರು, ಕರಗಿದ್ದು ಮತ್ತೆ ಗಟ್ಟಿಯಾಯಿತು.

ಹುಡುಗಿ ಮೊದಲು ಬರೆದು ತಂದಿದ್ದರಲ್ಲಿ "ನಾನು ಚೋಮನ ಕಷ್ಟಕ್ಕೆ ಸದಾ ಆದವನು" ಎಂಬ ವಾಕ್ಯವಿತ್ತು. ತಾಲೀಮಿನಲ್ಲಿ ಗೆಳತಿಯರು ಹಿಡಿದುಕೊಂಡರು: ಆದದ್ದು ಎಲ್ಲಿ, ತೋರಿಸು. ಅವಳು ಪುಟ ಮಗುಚಿದಳು, ಸಿಗಲಿಲ್ಲ. ಹಾಗಾದರೆ ಕೆಟ್ಟವನೆಂದು ಬರೆಯುತ್ತೇನೆ ಎಂದಳು. ಅದಕ್ಕೂ ಪುಸ್ತಕ ಒಪ್ಪಲಿಲ್ಲ. ಕೆಟ್ಟವನಾಗಿದ್ದರೆ ಅವ್ವನನ್ನು ಕೇಳಲು ಒಳಗೆ ಯಾಕೆ ಹೋಗುತ್ತಿದ್ದ? ಎರಡು ದಿನ ನನ್ನ ಹಿಂದೆ ಬಂದಳು. ಕ್ರಿಯಾಪದಗಳನ್ನು ನೋಡು, ಅವನು ನಿಜಕ್ಕೂ ಏನು ಮಾಡಿದ ಎಂದಷ್ಟೇ ಹೇಳಿ ಕಳಿಸಿದೆ. ಸಭೆಯಲ್ಲಿ ಅವಳು ಓದಿದ್ದು ಹೀಗಿತ್ತು:

"ಚೋಮ ಭೂಮಿ ಕೇಳಿದ್ದು ಹೌದು. ಕೊಡಬೇಕು ಅಂತ ನನಗೂ ಇತ್ತು. ಅಮ್ಮನನ್ನು ಒಂದು ಮಾತು ಕೇಳೋಣ ಅಂದುಕೊಂಡೆ. ಕೇಳಿದೆ. ಇನ್ನೊಮ್ಮೆ ಹೇಳಿ ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ಮಳೆಗಾಲ ಬಂತು. ಅವನ ಮೇಲೆ ನನಗೆ ತುಂಬ ಅಭಿಮಾನ. ನಮ್ಮ ಗದ್ದೆಯಲ್ಲಿ ಅವನಷ್ಟು ದುಡಿದವರಿಲ್ಲ. ಅವನು ಇನ್ನು ಸ್ವಲ್ಪ ದಿನ ಇದ್ದಿದ್ದರೆ ಖಂಡಿತ ಏನಾದರೂ ಮಾಡುತ್ತಿದ್ದೆ."

'ಮಾಡುತ್ತಿದ್ದೆ' ಎಂದು ಮುಗಿಸಿದಾಗ ಹುಡುಗರು ಬೆಂಚು ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಷ್ಟ್ರು.

ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಅವರು ಆ ಹುಡುಗಿಯನ್ನು ಕರೆದರು. "ಮಗಾ, ಬಹಳ ಚೆನ್ನಾಗಿ ಬರೆದಿದ್ದಿ. ಅದರ ಒಂದು ಜೆರಾಕ್ಸ್ ಕೊಡು. ಬರುವ ಭಾನುವಾರ ನಮ್ಮ ಬಸ್ ಸ್ಟ್ಯಾಂಡಿನ ಹಮಾಲಿಯದು ಸಭೆ ಇದೆ. ಹೆಸರು ಬದಲಾಯಿಸಿದರೆ ಆಯ್ತು."

ಹುಡುಗಿ ಗಾಬರಿಯಾದಳು. "ಸಾರ್, ಅದು ಹೊಗಳಿದ್ದಲ್ಲ. ಅಲ್ಲಿ ಮಾತಾಡೋನು ಭೂಮಿ ಕೊಡದವನು."

ಮೇಷ್ಟ್ರು ಲೋಟ ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದರು. ಆ ಹಮಾಲಿ ಮನೆ ಸೈಟಿಗೆ ಅರ್ಜಿ ಹಾಕಿ ಹಾಕಿ ಸತ್ತವನು. ಅರ್ಜಿ ಯಾರ ಯಾರ ಮೇಜು ಹತ್ತಿ ಇಳಿಯಿತು ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು, ಅವನ ಜೊತೆ ಅಲೆದವರು ಅವರೇ.

"ಭಾನುವಾರ ವೇದಿಕೆ ಮೇಲೆ ಮಾತಾಡೋರು ನನ್ನನ್ನು ಬಿಟ್ಟು ನಾಲ್ಕು ಜನ" ಎಂದರು. "ಹಾಗಾದರೆ ನಾಲ್ಕು ಕಾಪಿ ಮಾಡಿಸಮ್ಮ. ದುಡ್ಡು ನಾನು ಕೊಡ್ತೇನೆ."