ಸೇತುವೆಯಾದ ಮೇಲೆ ವರಪರೀಕ್ಷೆ

ಚಿರಂಜೀವಿ ಕೂಸಿಗೆ ಬ್ಯಾಕೋಡಿನಿಂದ ನಿನ್ನ ಅಮ್ಮಮ್ಮ ಮಾಡುವ ಆಶೀರ್ವಾದಗಳು. ಮೊನ್ನೆ ನೀನು ಬೆಂಗಳೂರಿನಿಂದ ಫೋನು ಮಾಡಿ, “ಅಮ್ಮಮ್ಮಾ, ಮಾಣಿ ಚೊಲೋ ಇದ್ದ, ಆದ್ರೆ ಗಟ್ಟಿ ಇದ್ನಾ?” ಎಂದು ಕೇಳಿದೆಯಷ್ಟೆ. ಇಂಥ ಗಹನವಾದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ಕ್ಷೇಮಕರವಲ್ಲ. ನಮ್ಮೂರಿನ ಮಳೆಗಾಲದ ಸಿಗ್ನಲ್ಲು ಮಾತಿನ ನಡುವಿನ ಒಂದೆರಡು ಅಕ್ಷರಗಳನ್ನು ನಿರ್ದಾಕ್ಷಿಣ್ಯವಾಗಿ ನುಂಗಿ, ನಾನು “ಆಗಲಾರದು” ಎಂದದ್ದು ನಿನಗೆ “ಆಗಲಿ” ಎಂದು ಕೇಳಿಸಿ, ಇಲ್ಲಿ ನಿನ್ನಪ್ಪ ಛತ್ರ ಗೊತ್ತುಮಾಡಿಬಿಡುವ ಅಪಾಯವುಂಟು. ಆದುದರಿಂದ ಕಾಗದ ಬರೆಯುತ್ತಿದ್ದೇನೆ. ಸಾವಧಾನವಾಗಿ ಓದು.

ಮೊಟ್ಟಮೊದಲಿಗೆ, ಹೆಣ್ಣು ನೋಡುವ ಶಾಸ್ತ್ರದ ದಿನ ಕಂಡದ್ದನ್ನೆಲ್ಲ ಲೆಕ್ಕದಿಂದ ತೆಗೆದುಹಾಕು. ಜಗಲಿಯ ಮೇಲೆ ಹಾಸಿದ ಕಂಬಳಿಯಲ್ಲಿ ಕುಳಿತು, ಕೇಸರಿಬಾತಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತು ಜೋಡಿ ಕಣ್ಣುಗಳ ಎದುರಿನಲ್ಲಿ ಒಬ್ಬ ಹುಡುಗ ವಿನಯದಿಂದಿದ್ದನೆಂದರೆ, ಅವನು ವಿನಯವಂತನೆಂದು ಸಿದ್ಧವಾಗುವುದಿಲ್ಲ, ಅವನ ತಾಯಿ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದಾಳೆಂದು ಮಾತ್ರ ಸಿದ್ಧವಾಗುತ್ತದೆ. ಅಂತೆಯೇ ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡವನೂ, ಹೆಸರು ಕೇಳಿದರೆ ನಕ್ಷತ್ರ ಹೇಳಿದವನೂ ಚಂಚಲಚಿತ್ತರೆಂದು ತಿಳಿಯಬಾರದು. ಅಂದು ಕೈ ನಡುಗದವನ ವಿಷಯದಲ್ಲಿಯೇ ನನಗೆ ಸಂಶಯ ಹೆಚ್ಚು, ಏಕೆಂದರೆ ಅವನು ಈ ಮೊದಲು ಬಹಳ ಮನೆಗಳ ಕೇಸರಿಬಾತು ತಿಂದಿರಬೇಕು.

ಹಾಗಾದರೆ ನೋಡುವುದೆಲ್ಲಿ? ನಮ್ಮ ಕರೂರು ಸೀಮೆಯವರಿಗೆ ಇದಕ್ಕೆ ಒಂದು ಸ್ಥಾನವಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ನೀರು ಗದ್ದೆ ತೋಟ ಹಾದಿಗಳ ಮೇಲೆಲ್ಲ ಹರಡಿ, ನಾವು ಸಾಗರ ಪೇಟೆಗೆ ಹೋಗಬೇಕಾದರೂ ಹಿನ್ನೀರನ್ನು ದಾಟಲೇಬೇಕಾದ ಪ್ರಸಂಗ ಬಂದ ಮೇಲೆ, ಹೊಳೆಬಾಗಿಲಿನ ಲಾಂಚಿಗಾಗಿ ಕಾಯುವುದು ನಮ್ಮ ಜೀವನದ ಒಂದು ಭಾಗವೇ ಆಗಿಹೋಯಿತು. ಮದುವೆಯ ದಿಬ್ಬಣವೂ ಕಾಯಬೇಕು, ಹೆರಿಗೆ ನೋವಿನ ಬಸುರಿಯೂ ಕಾಯಬೇಕು, ಸಿಗಂದೂರಿಗೆ ಹೋಗುವ ಭಕ್ತರೂ ಕಾಯಬೇಕು. ಕತ್ತಲಾದ ಮೇಲೆ ಬಂದವನು ಎಷ್ಟೇ ದೊಡ್ಡ ಮನುಷ್ಯನಾದರೂ ಬಂದ ದಡದಲ್ಲಿಯೇ ಉಳಿಯಬೇಕು. ಈ ಅನನುಕೂಲದಿಂದ ನಾವು ಪಟ್ಟ ಕಷ್ಟವನ್ನು ಹೊಗಳಲಾರೆ. ಆದರೆ ಒಂದು ಉಪಕಾರವನ್ನು ಅಲ್ಲಗಳೆಯಲಾರೆ: ನಮ್ಮ ಕಡೆಗೆ ಹೆಣ್ಣು ನೋಡಲು ಬರುವ ವರನೊಬ್ಬನೂ ಸಾಗರದ ಕಡೆಯ ದಡದಲ್ಲಿ ಕಾಯದೆ ನಮ್ಮ ಮನೆಯನ್ನು ಮುಟ್ಟುವಂತಿರಲಿಲ್ಲ, ಮತ್ತು ಅಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲವೆಂದೇ ಅವನು ಭಾವಿಸಿರುತ್ತಿದ್ದ.

ನಿನ್ನ ಚಿಕ್ಕಮ್ಮನಿಗೆ ಗಂಡು ನೋಡುತ್ತಿದ್ದ ಕಾಲ. ಒಬ್ಬ ವರ ಬರುವ ದಿನವೇ ನಾನು ಸಾಗರದಲ್ಲಿ ಸಾಮಾನು ಕೊಂಡು ಹಿಂದಿರುಗುತ್ತಿದ್ದವಳು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಹೊದ್ದು ದಡದಲ್ಲಿ ಕುಳಿತಿದ್ದೆ. ಜಾತಕದೊಡನೆ ಬಂದಿದ್ದ ಭಾವಚಿತ್ರದಿಂದ ಅವನನ್ನು ಗುರುತಿಸಿದೆ; ನನ್ನನ್ನು ಅವನು ಗುರುತಿಸುವ ಸಂಭವವಿರಲಿಲ್ಲ. ಜೀಪಿನ ಹಾರನ್ನನ್ನು ಅವನು ಲಾಂಚು ಆಚೆಯ ದಡದಲ್ಲಿರುವಾಗಲೇ ಒತ್ತತೊಡಗಿದ. ನೀರಿನ ಮೇಲೆ ಹಾರನ್ನಿಗೆ ಏನು ಅಧಿಕಾರವುಂಟೋ ನಾನರಿಯೆ. ಅನಂತರ ಬಸ್ಸು ಮೊದಲು ಹತ್ತಿ, ತನ್ನ ಜೀಪಿಗೆ ಜಾಗವಿಲ್ಲವೆಂದಾಗ, ಹಗ್ಗ ಬಿಗಿಯುತ್ತಿದ್ದ ಹುಡುಗನಿಗೆ ಏಕವಚನದಲ್ಲಿ ಬೈದ. ಲಾಂಚು ಹೊರಡುವಷ್ಟರಲ್ಲಿ, ಆವಿನಹಳ್ಳಿಯಲ್ಲಿಯೋ ಎಲ್ಲಿಯೋ ಚಹಾ ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತೆಂದು ಡ್ರೈವರನಿಗೆ ಬೈದ. ಚಹಾ ಬೇಕೆಂದವನು ತಾನೇ ಎಂಬುದು ಡ್ರೈವರನ ಮುಖದಿಂದಲೇ ತಿಳಿಯುತ್ತಿತ್ತು. ಅದೇ ಲಾಂಚಿನಲ್ಲಿ ದಾಟಿದ ನಾನು ಮನೆ ಸೇರಿ, ಸೀರೆ ಬದಲಿಸಿ, ಕಾಫಿಗೆ ನೀರಿಟ್ಟೆ. ಬಹಳ ಹೊತ್ತಿನ ಮೇಲೆ ಮಹಾಶಯ ಬಂದು, ನನ್ನ ಪಾದಕ್ಕೆರಗಿ, “ನಿಮ್ಮೂರಿನ ಪ್ರಶಾಂತತೆ ನನಗೆ ಬಹಳ ಹಿಡಿಸಿತು” ಎಂದ.

ಸಿಟ್ಟು ಬರುವುದೇ ದೋಷವೆಂದು ನಾನು ಹೇಳುತ್ತಿಲ್ಲ, ಮಗಳೇ. ನಿನ್ನಜ್ಜನಿಗೆ ಬರುತ್ತಿದ್ದ ಸಿಟ್ಟನ್ನು ಊರೇ ಬಲ್ಲದು. ಆದರೆ ಆ ಸಿಟ್ಟು ಅಮಲ್ದಾರನ ಮೇಲೂ ಬರುತ್ತಿತ್ತು, ತೋಟದ ಆಳಿನ ಮೇಲೂ ಬರುತ್ತಿತ್ತು. ಆಳನ್ನು ಬೈದು ಅಮಲ್ದಾರನಿಗೆ ಹಲ್ಲುಗಿಂಜುವ ವಿದ್ಯೆ ಅವರಿಗೆ ತಿಳಿದಿರಲಿಲ್ಲ. ಯಾರ ಮೇಲೆ ಬಂದರೆ ನಷ್ಟವಿಲ್ಲವೋ ಅವರನ್ನೇ ಆರಿಸಿಕೊಂಡು ಬರುವ ಸಿಟ್ಟಿದೆಯಲ್ಲ, ಅದು ಮದುವೆಯ ಮರುವರ್ಷ ಅಡುಗೆಮನೆಯ ಹಾದಿ ಹಿಡಿಯುತ್ತದೆ.

ಅದಾದ ಕೆಲವು ತಿಂಗಳಿಗೆ ಇನ್ನೊಬ್ಬ ಬರುವವನಿದ್ದ. ಊಟದ ಹೊತ್ತು ಸಮೀಪಿಸಿದರೂ ಅವನ ಸುಳಿವಿಲ್ಲ. ಬದಲಿಗೆ ಬಸ್ಸಿನ ಕಂಡಕ್ಟರ್ ನಮ್ಮ ಹುಡುಗನ ಕೈಗೆ ಒಂದು ಚೀಟಿ ಕೊಟ್ಟುಹೋದ. ಸಿಗರೇಟು ಪ್ಯಾಕಿನ ಒಳಗಿನ ಕಾಗದವಲ್ಲ, ಡೈರಿಯಿಂದ ನೀಟಾಗಿ ಹರಿದ ಹಾಳೆ. ವ್ಯಾನಿಗೆ ಈ ಸಲದ ಲಾಂಚಿನಲ್ಲಿ ಜಾಗವಾಗಲಿಲ್ಲ, ಮುಂದಿನದರಲ್ಲಿ ಬರುತ್ತೇವೆ, ತಾವು ದಯವಿಟ್ಟು ಊಟ ಮುಗಿಸಿರಬೇಕು, ನಮಗೆ ಉಳಿದದ್ದು ಸಾಕು ಎಂದು ಬರೆದಿತ್ತು. ಬಂದ ಮೇಲೆ ಲಾಂಚಿನ ಕಥೆಯನ್ನಾಗಲಿ ತಮ್ಮ ಬವಣೆಯನ್ನಾಗಲಿ ಅವನು ತೆಗೆಯಲೇ ಇಲ್ಲ. ತಣ್ಣಗಾದ ಅಪ್ಪೆಹುಳಿಯನ್ನು ಎರಡು ಸಲ ಹಾಕಿಸಿಕೊಂಡ. ಅವನೇ ಈಗಿನ ನಿನ್ನ ಚಿಕ್ಕಪ್ಪ. ಇಂದಿಗೂ ಅವನು ಸೊಸೈಟಿಯಿಂದ ಕಾಲು ಗಂಟೆ ತಡವಾಗುವುದಾದರೆ ಮುಂಚಿತವಾಗಿ ತಿಳಿಸುತ್ತಾನೆ, ಮತ್ತು ನಿನ್ನ ಚಿಕ್ಕಮ್ಮ “ಒಂದು ದಿನವಾದರೂ ಹೇಳದೆ ತಡ ಮಾಡಿ ನನಗೆ ಕಾತರವಾಗುವ ಹಾಗೆ ಮಾಡಬಾರದೇ” ಎಂದು ನನ್ನಲ್ಲಿ ದೂರುತ್ತಾಳೆ. ಸ್ಥಿರಬುದ್ಧಿಯವರ ಸಂಗಡ ಬಾಳುವುದರಲ್ಲಿ ಈ ಒಂದು ಬೇಸರವುಂಟೆಂಬುದನ್ನು ನಿನ್ನಿಂದ ಮುಚ್ಚಿಡಲಾರೆ. ಅವನ ಬಳಿ ಇರುವುದು ಒಂದೇ ನಗೆಚಟಾಕಿ. ಅದನ್ನೂ ಅವನು ಅಷ್ಟೇ ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದ್ದಾನೆ.

ಹೀಗಿರುವಲ್ಲಿ 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದನೆಯ ಆ ಸೇತುವೆಯ ಮೇಲೆ ಕಾರಿನಲ್ಲಿ ದಾಟುವಾಗ ನನಗೂ ಕಣ್ಣು ತುಂಬಿ ಬಂದಿತು. ನಮ್ಮ ಕಾಲದ ಬಾಣಂತಿಯರು ನೆನಪಾದರು. ಆದರೆ ಆಚೆಯ ದಡ ಸೇರುವಷ್ಟರಲ್ಲಿ ಇನ್ನೊಂದು ವಿಚಾರವೂ ಹೊಳೆಯಿತು: ಇನ್ನು ಮೇಲೆ ಬರುವ ವರರು ಐದು ನಿಮಿಷದಲ್ಲಿ ನೀರು ದಾಟಿ, ಗುಣಾವಗುಣಗಳೊಂದೂ ಹೊರಬೀಳದಂತೆ ನೇರವಾಗಿ ಕೇಸರಿಬಾತಿನ ಮುಂದೆ ಬಂದು ಕುಳಿತುಬಿಡುತ್ತಾರಲ್ಲ! ಇಷ್ಟು ಕೋಟಿ ವೆಚ್ಚ ಮಾಡಿದ ಸರ್ಕಾರ ಹೆಣ್ಣು ಹೆತ್ತವರನ್ನು ಒಂದು ಮಾತು ಕೇಳಲಿಲ್ಲ.

ಆದುದರಿಂದ ನಾನೂ ನಿನ್ನ ಚಿಕ್ಕಪ್ಪನೂ ಈ ಸಲ ಬೇರೆ ಉಪಾಯ ಮಾಡಿದೆವು. ಮಳೆ ಹಿಡಿಯುವ ಮುನ್ನ, ಕಾಳುಮೆಣಸಿನ ಬಳ್ಳಿ ಬೇಕೆಂಬ ನೆವದಿಂದ, ಮುಂಚಿತವಾಗಿ ತಿಳಿಸದೆ ನಿನ್ನ ಮಾಣಿಯ ಮನೆಗೆ ಹೋದೆವು. (ಸಿಟ್ಟಾಗಬೇಡ, ಬಳ್ಳಿಯೂ ಬೇಕಿತ್ತು.) ಅವನು ರಜೆಯ ಮೇಲೆ ಬಂದವನು ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ಸಿದ್ಧತೆಯಲ್ಲಿದ್ದ. ಬೋರ್ಡೋ ದ್ರಾವಣದ ಲೆಕ್ಕ ನೀನು ಬಾಲ್ಯದಲ್ಲಿ ಕಂಡದ್ದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಸುರಿಯುತ್ತ ಕದಡಬೇಕು. ಅಷ್ಟಾದ ಮೇಲೆ ಮಾಣಿ ಕತ್ತಿಯ ಅಲಗನ್ನು ಒರೆಸಿ ದ್ರಾವಣದಲ್ಲಿ ಅದ್ದಿ ಎತ್ತಿದ. ಅಲಗು ಕೆಂಪಗೆ ತಾಮ್ರ ಹತ್ತಿಸಿಕೊಂಡಿತ್ತು. ಸುಣ್ಣ ಸಾಲದಿದ್ದರೆ ಹಾಗಾಗುತ್ತದೆ. ಅದನ್ನೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ.

ಅಳತೆಯೇನೋ ಸರಿಯಾಗಿಯೇ ಇತ್ತು. ಸುಣ್ಣ ಹಳೆಯದಾಗಿ ಗಾಳಿಗೆ ಸತ್ವ ಕಳೆದುಕೊಂಡಿತ್ತು. ಆಕಾಶ ಕಪ್ಪಗಾಗುತ್ತಿತ್ತು, ಕೊನೆಗೌಡ ಮರದ ಬುಡದಲ್ಲಿ ನಿಂತಿದ್ದ, ಹುಡುಗನ ಅಪ್ಪ “ಕಿಲೋಗೆ ಕಿಲೋ ಹಾಕಿದ್ದೇನೆ, ಅದೇನೂ ಆಗುವುದಿಲ್ಲ, ಹೊಡೆದುಬಿಡಿ” ಎಂದು ಅವಸರಿಸುತ್ತಿದ್ದರು. ಹಠವಾದಿಯಾದವನು ಲೆಕ್ಕ ಸರಿಯಿದೆಯೆಂದು ಹೊಡೆಸುತ್ತಿದ್ದ. ಅಧೀರನಾದವನು ಪೀಪಾಯಿಯನ್ನೇ ಉರುಳಿಸಿ, ಸುಣ್ಣ ತಂದವನನ್ನು ಶಪಿಸುತ್ತಿದ್ದ. ಈ ಮಾಣಿ ಕೊನೆಗೌಡನ ಬಳಿ ಹೋಗಿ, ಸ್ವಲ್ಪ ತಡವಾಗುತ್ತದೆ, ಒಂದು ಕವಳ ಹಾಕಿ ಎಂದು ಸಂಚಿ ಕೊಟ್ಟು ಬಂದು, ಇನ್ನಷ್ಟು ಸುಣ್ಣವನ್ನು ನೀರಿನಲ್ಲಿ ಕದಡಿ, ಸ್ವಲ್ಪವೇ ಸೇರಿಸಿ, ಅಲಗನ್ನು ಒರೆಸಿ ಮತ್ತೆ ಅದ್ದಿದ. ಮತ್ತೂ ತುಸು ಕೆಂಪು. ಮತ್ತೆ ಸೇರಿಸಿದ. ಅಲಗು ಬೆಳ್ಳಗೆ ಬಂದ ಮೇಲೆ ಅದನ್ನು ಅಪ್ಪನಿಗೆ ತೋರಿಸಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಪಿನ ಕಡೆಗೆ ನಡೆದ. ಆ ತೋರಿಸದೆ ಇದ್ದುದಕ್ಕೆ ನಾನು ಹೆಚ್ಚು ಅಂಕ ಕೊಟ್ಟೆ.

ಆದರೂ ಇಷ್ಟರಿಂದಲೇ ತೀರ್ಪು ಬರೆಯಲಾರೆ. ತೋಟ ಅವನಿಗೆ ಪ್ರಿಯವಾದದ್ದು. ಪ್ರಿಯವಾದ ಕೆಲಸದಲ್ಲಿ ಎಲ್ಲರೂ ತಾಳ್ಮೆಯವರೇ. ಬೇಸರದ ಕೆಲಸದಲ್ಲಿ, ಅದೂ ಎರಡನೆಯ ಸಲ ಮೂರನೆಯ ಸಲ ಬಂದಾಗ, ಹೇಗಿರುತ್ತಾನೆಂಬುದನ್ನು ಬೆಂಗಳೂರಿನಲ್ಲಿ ನೀನೇ ನೋಡಬೇಕು. ಆರು ಗಂಟೆಗೆ ಬರುತ್ತೇನೆಂದವನು ಏಳಕ್ಕೆ ಬಂದರೆ ದೋಷ ನಿಮ್ಮೂರಿನ ಟ್ರಾಫಿಕ್ಕಿನದಿರಬಹುದು. ಆರಕ್ಕೆ ಮೊದಲೇ ತಿಳಿಸಿದನೋ ಇಲ್ಲವೋ ಎಂಬುದು ಅವನದೇ. ಅವನು ಹೂಡಿದ ಕಾರ್ಯಕ್ರಮಕ್ಕೆ ನೀನು ಒಮ್ಮೆ ‘ಈ ವಾರ ಬೇಡ’ ಎಂದು ಹೇಳು. ಆಗಲೆಂದು ಒಪ್ಪಿದವನು ಮುಂದಿನ ವಾರ ಅದನ್ನೇ ಎತ್ತಿ ಆಡಿದರೆ, ನನಗೆ ಬರೆ. ಆದರೆ ಇಂಥ ಪರೀಕ್ಷೆಯನ್ನು ದಿನವೂ ಹೂಡತಕ್ಕದ್ದಲ್ಲ. ಅವನ ಮನೆಯಲ್ಲಿಯೂ ಒಬ್ಬ ಅಮ್ಮಮ್ಮ ಇದ್ದಾಳು, ಅವಳೂ ನಿನ್ನನ್ನು ನೋಡುತ್ತಿರಬಹುದು.

ನನ್ನ ಪಾಲಿನ ಪರೀಕ್ಷೆ ಒಂದು ಉಳಿದಿದೆ. ಮುಂದಿನ ತಿಂಗಳು ಅವನು ಇಲ್ಲಿಗೆ ಬರುವವನಿದ್ದಾನಷ್ಟೆ. ನನ್ನ ಕಿವಿಯ ಯಂತ್ರಕ್ಕೆ ಬ್ಯಾಟರಿ ಬೇಕೆಂದು ಅವನಿಗೇ ಫೋನಿನಲ್ಲಿ ಹೇಳಿದ್ದೇನೆ: 13ನೆಯ ನಂಬರಿನದು, ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುವುದು. ಕಂದು ಚೀಟಿಯ ಚಿಕ್ಕದನ್ನು ತರುತ್ತಾನೋ, ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂದು ತಿಳಿಸುತ್ತಾನೋ, ಮರೆತೇ ಬಿಡುತ್ತಾನೋ ನೋಡೋಣ. ನೀನು ಮಾತ್ರ ಅವನಿಗೆ ಜ್ಞಾಪಿಸಕೂಡದು, ನನ್ನಾಣೆ. ಮರೆತು ಬಂದನಾದರೆ ಅವನು ಎಷ್ಟೇ ಸೊಗಸಾಗಿ ಕ್ಷಮೆ ಬೇಡಲಿ, ಬ್ಯಾಟರಿಯಿಲ್ಲದೆ ನನಗೆ ಹೇಗೂ ಕೇಳಿಸುವುದಿಲ್ಲ.

ಇತಿ ನಿನ್ನ
ಅಮ್ಮಮ್ಮ